ಒಂದೇ ಸಿಟಿ ಸ್ಕ್ಯಾನ್, ಮೂರು ಚಿತ್ರ: ಬಿಳಿಯೊಳಗೆ ಅಡಗುವ ರಕ್ತ

ತಲೆಗೆ ಪೆಟ್ಟು ಬಿದ್ದವರ ಸಿಟಿ ಸ್ಕ್ಯಾನ್ ಅನ್ನು ಮಿದುಳಿನ ವಿಂಡೋದಲ್ಲಿ ನೋಡಿದರೆ ಮಿದುಳು ಬೂದು, ಬುರುಡೆ ಅಚ್ಚ ಬಿಳಿ. ಅದೇ ಸ್ಕ್ಯಾನನ್ನು ಮೂಳೆಯ ವಿಂಡೋಗೆ ಬದಲಿಸಿದರೆ ಬುರುಡೆಯ ಸೀಳು ಕಾಣುತ್ತದೆ, ಮಿದುಳು ಮಾತ್ರ ಒಂದೇ ಬಣ್ಣದ ಮುದ್ದೆ. ರೋಗಿಯನ್ನು ಮತ್ತೆ ಸ್ಕ್ಯಾನ್ ಮಾಡಿಲ್ಲ, ಅಲ್ವಾ? ಮತ್ತೆ ಬದಲಾದದ್ದೇನು?

ಸಿಟಿ ಯಂತ್ರ ಅಳೆಯುವುದು ಚಿತ್ರವನ್ನಲ್ಲ, ಸಂಖ್ಯೆಗಳನ್ನು. ನೀರಿಗೆ 0, ಗಾಳಿಗೆ -1000, ಗಟ್ಟಿ ಮೂಳೆಗೆ 1000ದ ಆಸುಪಾಸು. ಮಿದುಳಿನ ಬಿಳಿ ಭಾಗ ಮತ್ತು ಬೂದು ಭಾಗದ ನಡುವೆ ಇರುವ ವ್ಯತ್ಯಾಸ ಸುಮಾರು 10 ಮಾತ್ರ. ಇಷ್ಟು ದೊಡ್ಡ ಏಣಿಯನ್ನು ಪರದೆಯ 256 ಬೂದು ಮೆಟ್ಟಿಲುಗಳಿಗೆ ಹಂಚಿದರೆ ಆ 10 ಕಳೆದೇ ಹೋಗುತ್ತದೆ. ಅದಕ್ಕೇ ಏಣಿಯ ಒಂದು ತುಂಡನ್ನು ಮಾತ್ರ ಆರಿಸಿ, ಕಪ್ಪಿನಿಂದ ಬಿಳಿವರೆಗೆ ಹರಡುತ್ತಾರೆ. ಆ ತುಂಡೇ ವಿಂಡೋ.

1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಸಿಟಿ ಸ್ಕ್ಯಾನ್ ಕಂಡುಹಿಡಿದ ಎಂಜಿನಿಯರ್ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ತಲೆಯನ್ನು ನೋಡಿತು. ಆಗ ನೋಡಬೇಕಿದ್ದದ್ದು ತಲೆ ಮಾತ್ರ. ಎದೆಯ ಸ್ಕ್ಯಾನ್ ಬಂದಾಗ ಬೇರೆ ತುಂಡು ಬೇಕಾಯಿತು. ಶ್ವಾಸಕೋಶದ ಅಂಕೆ -850ರ ಸುತ್ತ, ಮಿದುಳಿನ ವಿಂಡೋದಲ್ಲಿ 0ಗಿಂತ ಕೆಳಗಿನದೆಲ್ಲ ಬರೀ ಕಪ್ಪು. ಅಲ್ಲಿಗೆ -1350ರಿಂದ 150ರವರೆಗಿನ ಅಗಲ ಹಿಡಿದರೆ ರಕ್ತನಾಳಗಳೂ ಗಂಟುಗಳೂ ಎದ್ದು ಕಾಣುತ್ತವೆ.

ಆಮೇಲೆ ಬಂದದ್ದು ಫಿಲ್ಮಿನ ಕಾಲ. ಟೆಕ್ನಿಷಿಯನ್ ವಿಂಡೋ ಆರಿಸಿ ಅಚ್ಚು ಹಾಕಿದರೆ ಮುಗಿಯಿತು, ವೈದ್ಯರ ಕೈಗೆ ಬಂದದ್ದು ಆ ಆಯ್ಕೆ ಮಾತ್ರ. ಇದರ ಬೆಲೆ ಏನೆಂದು ಒಂದು ಉದಾಹರಣೆಯಲ್ಲಿ ನೋಡೋಣ. ಬುರುಡೆಗೆ ಅಂಟಿಕೊಂಡಂತೆ 3 ಮಿಲಿಮೀಟರಿನ ಹೊಸ ರಕ್ತದ ಪದರವಿದೆ, ಅಂಕೆ 70. ಮಿದುಳಿನ ವಿಂಡೋ 0ರಿಂದ 80. ರಕ್ತ ಬಹುತೇಕ ಬಿಳಿ, ಪಕ್ಕದ ಮೂಳೆ ಪೂರ್ತಿ ಬಿಳಿ. ನೋಡುವವರಿಗೆ ಬುರುಡೆ ಸ್ವಲ್ಪ ದಪ್ಪ ಅನ್ನಿಸುತ್ತದೆ, ಅಷ್ಟೇ. ಈಗ ವಿಂಡೋವನ್ನು -20ರಿಂದ 180ಕ್ಕೆ ಅಗಲಿಸಿ. ರಕ್ತ ನಡುಬೂದಿಗೆ ಇಳಿಯುತ್ತದೆ, ಮೂಳೆ ಬಿಳಿಯಾಗೇ ಉಳಿಯುತ್ತದೆ. ಎರಡರ ನಡುವಿನ ಗೆರೆ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಪೆಟ್ಟಿನ ಕೇಸಿನಲ್ಲಿ ಈ ನಡುವಿನ ವಿಂಡೋವನ್ನು ನೋಡದೆ ಬಿಡಬಾರದು.

ಪರದೆಯ ಮುಂದೆ ಕೂತವರಿಗೆ ಇದು ಮೌಸ್ ಎಳೆಯುವಷ್ಟು ಸುಲಭ. ಆದರೆ ಫಿಲ್ಮಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ಆ ಅಂಕೆಗಳು ಜೊತೆಗೆ ಬರುವುದಿಲ್ಲ. ಫೋಟೋದ ಹೊಳಪು ಎಷ್ಟೇ ತಿರುಗಿಸಿದರೂ ಬಿಳಿಯಲ್ಲಿ ಕರಗಿದ ರಕ್ತ ಬೇರೆಯಾಗುವುದಿಲ್ಲ. ಎರಡನೇ ಅಭಿಪ್ರಾಯ ಕೇಳಲು ಹೋಗುವವರು ಫಿಲ್ಮಿನ ಬದಲು ಸಿಡಿ ಕೇಳಿ ಪಡೆಯಬೇಕು, ಅದರಲ್ಲಿ ಆ ಅಂಕೆಗಳನ್ನೇ ಇಟ್ಟುಕೊಂಡ DICOM ಎಂಬ ಫೈಲುಗಳಿರುತ್ತವೆ.

ಒಂದು ಮಿತಿ ಇದೆ. ಮೂಳೆಯ ಸಣ್ಣ ಸೀಳಿಗೆ ವಿಂಡೋ ಒಂದೇ ಸಾಲದು. ಸ್ಕ್ಯಾನಿನ ಮೂಲ ಅಳತೆಗಳಿಂದ ಚಿತ್ರ ಕಟ್ಟುವಾಗಲೇ ಅಂಚುಗಳನ್ನು ಚೂಪು ಮಾಡುವ ಇನ್ನೊಂದು ಸರಣಿ ಬೇಕು. ಮಿದುಳಿಗೆಂದು ನುಣುಪಾಗಿ ಕಟ್ಟಿದ ಸರಣಿ ಮಾತ್ರ ಸಿಡಿಯಲ್ಲಿದ್ದರೆ, ಮೂಳೆಯ ವಿಂಡೋ ಹಾಕಿದರೂ ಕೂದಲೆಳೆಯಂಥ ಸೀಳು ಮಸುಕಾಗೇ ಇರುತ್ತದೆ.