"ಸಬ್ಸಿಡಿ ನಾವೇ ತಂದುಕೊಡ್ತೀವಿ, ಅಡ್ವಾನ್ಸ್ ಕೊಡಿ" ಅನ್ನೋ ಸೋಲಾರ್‌ನವರನ್ನ ಚೆಕ್ ಮಾಡೋದು ಹೇಗೆ

ಮನೆ ಮೇಲೆ ಸೋಲಾರ್ ಹಾಕಿಸೋರ ಕೊಟೇಶನ್ ನೋಡಿಕೊಡೋದು, ಹಾಕಿದ್ಮೇಲೆ ಹೋಗಿ ವೈರಿಂಗು, ಅರ್ಥಿಂಗು ಚೆಕ್ ಮಾಡೋದು ನನ್ನ ಕೆಲಸ. ಆದ್ರೆ ಈಚೆಗೆ ನನ್ನ ಹತ್ರ ಬರೋರಲ್ಲಿ ಸುಮಾರು ಜನ ಪ್ಯಾನಲ್ ಬಗ್ಗೆ ಕೇಳೋದೇ ಇಲ್ಲ. "ಸಾರ್, ಅಡ್ವಾನ್ಸ್ ಕೊಟ್ಟಾಯ್ತು, ಸಬ್ಸಿಡಿ ಸ್ಯಾಂಕ್ಷನ್ ಆಗಿದೆ ಅಂದ್ರು, ಈಗ ಫೋನೇ ಎತ್ತಲ್ಲ" ಅಂತಾನೇ ಮಾತು ಶುರು. ಕೊಟ್ಟಿರೋದು ಎಷ್ಟೋ ಸಲ ರಿಟೈರ್‌ಮೆಂಟ್ ದುಡ್ಡು, ಕೇಳೋಕೆ ತುಂಬಾ ಸಂಕಟ ಆಗುತ್ತೆ. ಅದಕ್ಕೇ ಈ ಸಲ ಇದೊಂದೇ ವಿಷಯ ಸ್ವಲ್ಪ ಬಿಡಿಸಿ ಬರೀತೀನಿ.

ಮೊದಲು ಸಬ್ಸಿಡಿ ಲೆಕ್ಕ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಗೆ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೇ ಕಿಲೋವ್ಯಾಟ್‌ಗೆ 18,000, ಒಟ್ಟು 78,000. ಅದಕ್ಕಿಂತ ದೊಡ್ಡದು ಹಾಕಿಸಿದ್ರೂ ಅಷ್ಟೇ, ಐದು ಕಿಲೋವ್ಯಾಟ್ ಹಾಕಿದ್ರೆ ಒಂದೂವರೆ ಲಕ್ಷ ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ಅಲ್ಲೇ ಮಾತು ನಿಲ್ಲಿಸಬಹುದು. ಇದಕ್ಕಿಂತ ಮುಖ್ಯ, ಈ ದುಡ್ಡು ಯಾವಾಗ ಯಾರಿಗೆ ಬರುತ್ತೆ ಅನ್ನೋದು. ಪ್ಯಾನಲ್ ಕೂತು, ನೆಟ್ ಮೀಟರ್ ಹಾಕಿ, ಎಸ್ಕಾಂನವರು ಬಂದು ನೋಡಿ, ಸಿಸ್ಟಮ್ ಚಾಲೂ ಆಗಿದೆ ಅನ್ನೋ ಕಮಿಷನಿಂಗ್ ರಿಪೋರ್ಟ್ ಯೋಜನೆಯ ಪೋರ್ಟಲ್‌ಗೆ ಏರಿದ ಮೇಲೆ ನೀವು ನಿಮ್ಮ ಬ್ಯಾಂಕ್ ವಿವರ ಕೊಟ್ಟು ಸಬ್ಸಿಡಿ ಕೇಳ್ಬೇಕು, ಆಮೇಲೆ ಅದು ನೇರ ನಿಮ್ಮ ಅಕೌಂಟ್‌ಗೆ ಬರುತ್ತೆ. ಅಂದ್ರೆ ಸಬ್ಸಿಡಿ ಬರೋದು ಎಲ್ಲ ಮುಗಿದ್ಮೇಲೆ. ಪ್ಯಾನಲ್ ಇನ್ನೂ ಗೋಡೌನ್‌ನಲ್ಲಿ ಇರೋವಾಗ "ನಿಮ್ಮ ಸಬ್ಸಿಡಿ ಸ್ಯಾಂಕ್ಷನ್ ಆಗಿದೆ" ಅನ್ನೋ ಸ್ಥಿತಿನೇ ಈ ಯೋಜನೆಯಲ್ಲಿ ಇಲ್ಲ.

ಹಂಗಾದ್ರೆ ಅವರು ತೋರಿಸೋ ಲೆಟರ್ ಏನು ಅಂತ ನೀವು ಕೇಳಬಹುದು. ಕೆಲವು ಪೂರ್ತಿ ಸುಳ್ಳು, ಕಂಪ್ಯೂಟರ್‌ನಲ್ಲಿ ಮಾಡಿದ್ದು, ಲೋಗೋ ಫೋಟೋ ಎಲ್ಲ ಹಾಕಿ. ಆದ್ರೆ ಕೆಲವು ಅಸಲಿನೇ ಇರುತ್ತೆ, ಅದು ಫೀಸಿಬಿಲಿಟಿ ಅಪ್ರೂವಲ್. ನಿಮ್ಮ ಲೈನ್‌ಗೆ ಇಷ್ಟು ಕಿಲೋವ್ಯಾಟ್ ಸೋಲಾರ್ ಸೇರಿಸಬಹುದು ಅಂತ ಎಸ್ಕಾಂ ಹೇಳೋದು ಅಷ್ಟೇ, ಅದರಲ್ಲಿ ದುಡ್ಡಿನ ಮಾತೇ ಇಲ್ಲ. ಅದೂ 2024ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ಆದ್ಮೇಲೆ 10 ಕಿಲೋವ್ಯಾಟ್‌ವರೆಗೆ, ಅರ್ಜಿ ಸರಿಯಾಗಿದ್ರೆ, ತಾಂತ್ರಿಕ ಪರಿಶೀಲನೆ ಇಲ್ಲದೇನೇ ಒಪ್ಪಿಗೆ ಆದಂಗೆ ಲೆಕ್ಕ. ಯಾರ ಇನ್‌ಫ್ಲುಯೆನ್ಸೂ ಬೇಕಿಲ್ಲ. ಆ ಹಾಳೆಯನ್ನ ಸಬ್ಸಿಡಿ ಆರ್ಡರ್ ಅಂತ ತೋರಿಸಿ ಅಡ್ವಾನ್ಸ್ ಎತ್ತೋದು ಈಗ ತುಂಬಾ ನಡೀತಿದೆ, ಓದು ಬಲ್ಲವರೂ ನಂಬ್ತಾರೆ.

ನಂಬೋದಕ್ಕೆ ಇನ್ನೊಂದು ಕಾರಣಾನೂ ಇದೆ. ಹಿಂದಿನ ಸ್ಕೀಮ್‌ನಲ್ಲಿ ವೆಂಡರ್ ಸಬ್ಸಿಡಿ ಕಳೆದು ಉಳಿದಿದ್ದನ್ನಷ್ಟೇ ನಿಮ್ಮ ಹತ್ರ ತಗೊಂಡು, ಆ ಸಬ್ಸಿಡಿನ ಅವನೇ ಎಸ್ಕಾಂ ಕಡೆಯಿಂದ ಪಡ್ಕೊಳ್ಳೋ ಪದ್ಧತಿ ಇತ್ತು. 2022ರ ಜುಲೈನಲ್ಲಿ ನ್ಯಾಷನಲ್ ಪೋರ್ಟಲ್ ಬಂದಾಗಿಂದ ಗ್ರಾಹಕರ ಅಕೌಂಟ್‌ಗೇ ಹಾಕೋ ದಾರಿ ಆಯ್ತು. ನಿಮ್ಮ ಭಾವಮೈದ ಮುಂಚೆ ಹಾಕಿಸಿದಾಗ ಸಬ್ಸಿಡಿ ಕಳೆದು ಬಿಲ್ ಮಾಡಿರಬಹುದು, ಅದು ಸುಳ್ಳಲ್ಲ, ಆದ್ರೆ ಈಗ ನಿಮ್ಮದೇ ದುಡ್ಡಲ್ಲಿ ಹಾಕಿಸೋವಾಗ ಪೂರ್ತಿ ರೇಟ್ ವೆಂಡರ್‌ಗೆ ನೀವೇ ಕೊಡ್ಬೇಕು, ಸಬ್ಸಿಡಿ ಆಮೇಲೆ ನಿಮಗೆ ಬರುತ್ತೆ. (ಕಂಪನಿಯೇ ಬಂಡವಾಳ ಹಾಕಿ ನಿಮ್ಮ ಛಾವಣಿ ಬಳಸ್ಕೊಳ್ಳೋ ಮಾದರಿ ಬೇರೆ ಇದೆ, ಅದನ್ನ ಇದರ ಜೊತೆ ಕಲಸಬೇಡಿ.)

ಒಂದು ಕೇಸ್ ಹೇಳ್ತೀನಿ, ತುಮಕೂರು ಕಡೆಯ ಒಬ್ಬ ನಿವೃತ್ತ ಮೇಷ್ಟ್ರದ್ದು. ಮನೆಗೆ ಇಬ್ಬರು ಹುಡುಗರು ಟ್ಯಾಬ್ ಹಿಡ್ಕೊಂಡು ಬಂದು, ಕರೆಂಟ್ ಬಿಲ್ ಫೋಟೋ ತಗೊಂಡು, ಮೂರು ಕಿಲೋವ್ಯಾಟ್‌ಗೆ 2,10,000, ಅದರಲ್ಲಿ ಸಬ್ಸಿಡಿ 78,000 ಕಳೆದು ನೀವು ಕೊಡೋದು 1,32,000, ಈಗ 45,000 ಕೊಟ್ರೆ ನಿಮ್ಮ ಹೆಸರಲ್ಲಿ ಸಬ್ಸಿಡಿ ಬ್ಲಾಕ್ ಮಾಡ್ತೀವಿ, ಈ ಏರಿಯಾ ಕೋಟಾ ಶನಿವಾರಕ್ಕೆ ಮುಗಿಯುತ್ತೆ ಅಂದಿದ್ದಾರೆ. ಮೇಷ್ಟ್ರು ಆ ಕ್ಷಣಕ್ಕೆ 10,000 ಟೋಕನ್ ಅಂತ ಯುಪಿಐನಲ್ಲಿ ಹಾಕಿ, ಬಾಕಿ ಕೊಡೋ ಮುಂಚೆ ಕೊಟೇಶನ್ ನನಗೆ ಕಳಿಸಿದ್ರು.

ನಾನು ಮೊದಲು ಕೇಳಿದ್ದು, "ಮೇಷ್ಟ್ರೇ, ನಿಮ್ಮ ಮೊಬೈಲ್‌ಗೆ ಓಟಿಪಿ ಬಂತಾ?" ಬಂದಿರಲಿಲ್ಲ. ಅಪ್ಲಿಕೇಶನ್ ಹಾಕಿದೀವಿ ಅಂತ ಒಂದು ನಂಬರ್ ಕೊಟ್ಟಿದ್ರು, ಆದ್ರೆ pmsuryaghar.gov.in ಗೆ ಮೇಷ್ಟ್ರ ಮೊಬೈಲ್ ನಂಬರ್ ಹಾಕಿ ಲಾಗಿನ್ ಆದ್ರೆ ಅವರ ಹೆಸರಲ್ಲಿ ಅರ್ಜಿನೇ ಇಲ್ಲ. ಎರಡನೇದು, ಕೊಟೇಶನ್ ಮೇಲಿದ್ದ ಕಂಪನಿ ಹೆಸರು ಒಂದು, ಯುಪಿಐನಲ್ಲಿ ದುಡ್ಡು ಹೋಗಿದ್ದು ಒಬ್ಬ ವ್ಯಕ್ತಿಯ ಪರ್ಸನಲ್ ಅಕೌಂಟ್‌ಗೆ. ಮೂರನೇದು, ಪೋರ್ಟಲ್‌ನಲ್ಲಿರೋ ರಿಜಿಸ್ಟರ್ಡ್ ವೆಂಡರ್ ಪಟ್ಟಿ ತೆಗೆದು ನೋಡಿದ್ರೆ ಹೆಚ್ಚುಕಮ್ಮಿ ಅದೇ ಹೆಸರಿನ ಒಂದು ಕಂಪನಿ ಇತ್ತು, ಇಲ್ಲೇ ಜನ ಏಮಾರೋದು, ಹೆಸರು ಇದೆಯಲ್ಲ ಅಂತ ಸಮಾಧಾನ ಆಗಿಬಿಡ್ತಾರೆ. ನಾವು ವಿಸಿಟಿಂಗ್ ಕಾರ್ಡಲ್ಲಿದ್ದ ನಂಬರ್ ಬಿಟ್ಟು ಪೋರ್ಟಲ್ ಪಟ್ಟಿಯಲ್ಲಿದ್ದ ನಂಬರ್‌ಗೆ ಫೋನ್ ಮಾಡಿದ್ವಿ. "ತುಮಕೂರಲ್ಲಿ ನಮ್ಮ ಏಜೆಂಟ್ ಯಾರೂ ಇಲ್ಲ ಸಾರ್" ಅಂದ್ರು. 35,000 ಉಳೀತು, ಟೋಕನ್ ಕೊಟ್ಟಿದ್ದು ವಾಪಸ್ ಬಂದಿಲ್ಲ.

ಜಿಎಸ್‌ಟಿ ನಂಬರ್ ಕೊಟೇಶನ್ ಮೇಲೆ ಇತ್ತು, ಅದನ್ನೂ ನೋಡಿದ್ವಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೇನೇ ಯಾರ ನಂಬರ್ ಬೇಕಾದ್ರೂ ಹಾಕಿ ಹುಡುಕಬಹುದು, ಕಾನೂನು ಪ್ರಕಾರ ಹೆಸರೇನು, ಯಾವತ್ತು ರಿಜಿಸ್ಟರ್ ಆಗಿದ್ದು, ಚಾಲ್ತಿಯಲ್ಲಿದೆಯಾ ರದ್ದಾಗಿದೆಯಾ ಎಲ್ಲ ತೋರಿಸುತ್ತೆ. ಅದು ಬೇರೆ ಯಾವುದೋ ಊರಿನ ಬೇರೆ ವ್ಯಾಪಾರದವರ ನಂಬರ್. ಇಷ್ಟು ನೋಡೋಕೆ ಹಿಡಿಯೋದು ಒಂದು ಕಾಫಿ ಕುಡಿಯೋ ಟೈಮ್.

ಇದನ್ನ ಓದಿ ಅಡ್ವಾನ್ಸ್ ಕೇಳಿದೋರೆಲ್ಲ ಕಳ್ಳರು ಅಂತ ತಿಳ್ಕೋಬೇಡಿ ಮತ್ತೆ. ಸಣ್ಣ ವೆಂಡರ್‌ಗಳು ಪ್ಯಾನಲ್ಲು, ಇನ್ವರ್ಟರ್ರು ದುಡ್ಡು ಕೊಟ್ಟೇ ತರಬೇಕು, ಸ್ಟ್ರಕ್ಚರ್ ಕಬ್ಬಿಣ ನಿಮ್ಮ ಛಾವಣಿ ಅಳತೆಗೆ ಕಟ್ ಮಾಡಿಸ್ಬೇಕು, ಹಾಗಾಗಿ ಮೆಟೀರಿಯಲ್‌ಗೆ ಅಂತ ಅಡ್ವಾನ್ಸ್ ಕೇಳೋದು ನ್ಯಾಯಾನೇ. ನೋಡ್ಬೇಕಾಗಿರೋದು ಆ ಅಡ್ವಾನ್ಸ್ ಯಾವುದಕ್ಕೆ, ಯಾವ ಹಂತದಲ್ಲಿ ಅಂತ. ಸಬ್ಸಿಡಿ ಬ್ಲಾಕ್, ಫೈಲ್ ಚಾರ್ಜ್, ಕೋಟಾ ಬುಕಿಂಗ್ ಅಂತ ಕೇಳಿದ್ರೆ ಒಂದು ರೂಪಾಯಿನೂ ಬೇಡ, ಯಾಕಂದ್ರೆ ದುಡ್ಡು ಕಟ್ಟಿ ಹಿಡಿದಿಟ್ಕೊಳ್ಳೋ ಕೋಟಾ ಅನ್ನೋದು ಈ ಯೋಜನೆಯಲ್ಲೇ ಇಲ್ಲ, ಪೋರ್ಟಲ್‌ನಲ್ಲಿ ರಿಜಿಸ್ಟರ್ ಆಗೋಕೂ ಫೀಸ್ ಇಲ್ಲ. ಎಸ್ಕಾಂಗೆ ಮೀಟರ್‌ಗೋ ಇನ್ನೊಂದಕ್ಕೋ ಕಟ್ಟೋದಿದ್ರೆ ನಿಮ್ಮ ಕನೆಕ್ಷನ್ ಹೆಸರಲ್ಲೇ ಎಸ್ಕಾಂ ರಸೀದಿ ಕೇಳಿ ತಗೊಳ್ಳಿ.

ನಾನು ನನ್ನ ಹತ್ರ ಬರೋರಿಗೆ ಹೇಳೋ ಕ್ರಮ ಇಷ್ಟು. ಮೊದಲು ನೀವೇ, ಆಗದಿದ್ರೆ ಮನೆ ಮಕ್ಕಳ ಕೈಲಿ, ನಿಮ್ಮ ಮೊಬೈಲ್ ನಂಬರ್ ಕೊಟ್ಟು ಅರ್ಜಿ ಹಾಕಿ. ವೆಂಡರ್ ಕೈಗೆ ಬಿಟ್ರೆ ಎಷ್ಟೋ ಸಲ ಅವನ ನಂಬರ್ ಹಾಕಿಬಿಡ್ತಾನೆ, ಆಮೇಲೆ ಲಾಗಿನ್ ಅವನ ಕೈಲಿ, ಅರ್ಜಿ ಎಲ್ಲಿಗೆ ಬಂತು ಅಂತ ನೋಡೋಕೂ ಅವನನ್ನೇ ಕೇಳ್ಬೇಕು. ಕರೆಂಟ್ ಬಿಲ್ ತೀರಿಹೋದ ಅಪ್ಪನ ಹೆಸರಲ್ಲೋ ತಾತನ ಹೆಸರಲ್ಲೋ ಇದ್ರೆ ಮೊದಲು ಸೆಕ್ಷನ್ ಆಫೀಸಿಗೆ ಹೋಗಿ ಹೆಸರು ಬದಲಾಯಿಸ್ಕೊಳ್ಳಿ, ಬಿಲ್ಲಿನ ಹೆಸರು ಬ್ಯಾಂಕ್ ಹೆಸರು ತಾಳೆ ಆಗದೆ ಸಬ್ಸಿಡಿ ಕೂತ್ಕೊಂಡುಬಿಡುತ್ತೆ, "ಅದೆಲ್ಲ ನಾವು ಅಡ್ಜಸ್ಟ್ ಮಾಡ್ತೀವಿ" ಅಂದ್ರೆ ನಂಬಬೇಡಿ. ಫೀಸಿಬಿಲಿಟಿ ಆದ್ಮೇಲೆ ಪೋರ್ಟಲ್ ಪಟ್ಟಿಯಿಂದಾನೇ ವೆಂಡರ್ ಆರಿಸಿ, ಅಗ್ರಿಮೆಂಟ್ ಸೈನ್ ಮಾಡಿ, ಅದರಲ್ಲಿ ರೇಟು, ಪ್ಯಾನಲ್ ಕಂಪನಿ, ಎಷ್ಟು ವ್ಯಾಟ್, ಐದು ವರ್ಷದ ಮೇಂಟೆನೆನ್ಸ್ ಎಲ್ಲ ಬರೆದಿರಲಿ. ಆಮೇಲೆ ಅಡ್ವಾನ್ಸ್, ಅದೂ ಅಗ್ರಿಮೆಂಟಿನಲ್ಲಿರೋ ಹೆಸರಿನ ಬ್ಯಾಂಕ್ ಕರೆಂಟ್ ಅಕೌಂಟ್‌ಗೆ ಮಾತ್ರ. ಸಬ್ ಡೀಲರ್ ಬಂದು ಕೆಲಸ ಮಾಡಲಿ, ತಪ್ಪಿಲ್ಲ, ಆದ್ರೆ ಬಿಲ್ಲೂ ದುಡ್ಡೂ ರಿಜಿಸ್ಟರ್ ಆದ ಕಂಪನಿ ಹೆಸರಲ್ಲೇ ಇರ್ಬೇಕು. ನನ್ನ ಕೇಳಿದ್ರೆ ಶುರುವಿಗೆ ಸಣ್ಣದೊಂದು ಭಾಗ, ಮೆಟೀರಿಯಲ್ ಮನೆಗೆ ಬಂದಾಗ ದೊಡ್ಡ ಭಾಗ, ನೆಟ್ ಮೀಟರ್ ಓಡಿದ್ಮೇಲೆ ಉಳಿದಿದ್ದು ಅಂತ ಮಾತಾಡ್ಕೊಳ್ಳಿ, ಕೊನೇ ಕಂತು ನಿಮ್ಮ ಕೈಲಿದ್ರೆ ಪೇಪರ್ ಕೆಲಸ ಬೇಗ ಮುಗಿಯುತ್ತೆ.

ಕೈಲಿ ದುಡ್ಡಿದ್ರೂ ಬ್ಯಾಂಕ್ ಸಾಲದ ದಾರಿ ಒಮ್ಮೆ ಯೋಚಿಸಿ. ಮೂರು ಕಿಲೋವ್ಯಾಟ್‌ವರೆಗೆ ಅಡಮಾನ ಇಲ್ಲದೆ ಎರಡು ಲಕ್ಷದವರೆಗೆ ಸರ್ಕಾರಿ ಬ್ಯಾಂಕ್‌ಗಳು ಕೊಡ್ತಾವೆ, ಬ್ಯಾಂಕ್ ದುಡ್ಡು ಬಿಡೋ ಮುಂಚೆ ಅರ್ಜಿ ನಂಬರ್, ವೆಂಡರ್ ಹೆಸರು ಎಲ್ಲ ಕೇಳುತ್ತೆ, ನಿಮ್ಮ ಜೊತೆ ಇನ್ನೊಬ್ಬರು ಕಾಗದ ನೋಡಿದಂಗಾಗುತ್ತೆ.

ಮೆಟೀರಿಯಲ್ ಬಂದ ದಿನ ಒಂದು ಕೆಲಸ ಮರೀಬೇಡಿ. ಸಬ್ಸಿಡಿ ಸಿಗೋದು ಡಿಸಿಆರ್ ಪ್ಯಾನಲ್‌ಗೆ ಮಾತ್ರ, ಅಂದ್ರೆ ಒಳಗಿನ ಸೆಲ್ಲೂ ಪ್ಯಾನಲ್ಲೂ ಎರಡೂ ಇಲ್ಲೇ ಭಾರತದಲ್ಲಿ ತಯಾರಾಗಿರ್ಬೇಕು. ಹೊರಗಿನ ಸೆಲ್ ತಂದು ಇಲ್ಲಿ ಜೋಡಿಸಿದ್ದು ಅಗ್ಗ, ಅದರ ಮೇಲೂ ಮೇಡ್ ಇನ್ ಇಂಡಿಯಾ ಅಂತಾನೇ ಇರುತ್ತೆ, ಕಣ್ಣಿಗೆ ವ್ಯತ್ಯಾಸಾನೇ ಗೊತ್ತಾಗಲ್ಲ. ಪ್ಯಾನಲ್ ಮೇಲೆ ಏರಿಸೋ ಮುಂಚೆ ಒಂದೊಂದರ ಸೀರಿಯಲ್ ನಂಬರ್ ಫೋಟೋ ತೆಗೆದು, ವೆಂಡರ್ ಕೊಡೋ ಡಿಸಿಆರ್ ಸರ್ಟಿಫಿಕೇಟ್‌ನಲ್ಲಿ ಆ ನಂಬರ್ ಎಲ್ಲ ಇದೆಯಾ ನೋಡಿ. 540 ವ್ಯಾಟಿನ ಆರು ಪ್ಯಾನಲ್ ಅಂದ್ರೆ ಆರು ನಂಬರ್ ಅಷ್ಟೇ. ಸ್ಟ್ರಕ್ಚರ್ ಮೇಲೆ ಕೂತ್ಮೇಲೆ ಕೆಳಗೆ ಬಗ್ಗಿ ಓದೋದು ದೊಡ್ಡ ಫಜೀತಿ.

ಈಗಾಗಲೇ ದುಡ್ಡು ಕೊಟ್ಟು ಸಿಕ್ಕಾಕ್ಕೊಂಡಿದ್ರೆ ಸುಮ್ನೆ ಕಾಯಬೇಡಿ. ಆನ್‌ಲೈನ್‌ನಲ್ಲಿ ಕಳಿಸಿ ಇದೀಗ ಮೋಸ ಅಂತ ಗೊತ್ತಾಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಇಲ್ಲ cybercrime.gov.in ನಲ್ಲಿ ದೂರು ಕೊಡಿ, ದುಡ್ಡು ಆ ಅಕೌಂಟ್‌ನಿಂದ ಇನ್ನೂ ಎತ್ತದೇ ಇದ್ರೆ ತಡೆಹಿಡಿಯೋಕೆ ಆಗುತ್ತೆ, ತಡ ಆದಷ್ಟೂ ಕಷ್ಟ. ವೆಂಡರ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಆದವನೇ ಆಗಿದ್ದು ಕೆಲಸ ಮಾಡದೆ ಸತಾಯಿಸ್ತಿದ್ರೆ ಅದರ ದಾರಿ ಬೇರೆ, ಯೋಜನೆಯ ಸಹಾಯವಾಣಿ 15555ಕ್ಕೆ ಹೇಳಿ, ಎಸ್ಕಾಂ ಸಬ್ ಡಿವಿಷನ್ ಇಂಜಿನಿಯರ್ ಎಇಇಗೆ ಅಗ್ರಿಮೆಂಟ್, ಪೇಮೆಂಟ್ ಪ್ರೂಫ್ ಇಟ್ಟು ಬರವಣಿಗೆಯಲ್ಲಿ ದೂರು ಕೊಟ್ಟು ಒಂದು ಕಾಪಿಗೆ ಸೀಲ್ ಹಾಕಿಸ್ಕೊಳ್ಳಿ. ರಿಜಿಸ್ಟರ್ ಆದವನು ಬ್ಯಾಂಕ್ ಗ್ಯಾರಂಟಿ ಇಟ್ಟಿರ್ತಾನೆ, ದೂರು ಹೋಯ್ತು ಅಂದ್ರೆ ಸಾಮಾನ್ಯವಾಗಿ ಫೋನ್ ಎತ್ತೋಕೆ ಶುರು ಮಾಡ್ತಾನೆ. ವಾಟ್ಸಾಪ್ ಚಾಟ್ ಯಾವುದೂ ಡಿಲೀಟ್ ಮಾಡಬೇಡಿ, "ಸಬ್ಸಿಡಿ ಬ್ಲಾಕ್ ಮಾಡೋಕೆ" ಅಂತ ಅವನೇ ಬರೆದ ಒಂದು ಮೆಸೇಜ್ ಇದ್ರೂ ಸಾಕು, ಪೊಲೀಸ್ ಸ್ಟೇಷನ್‌ನಲ್ಲಿ "ಇದು ನಿಮ್ಮಿಬ್ಬರ ವ್ಯವಹಾರ, ಕೋರ್ಟಿಗೆ ಹೋಗಿ" ಅಂದಾಗ ಆ ಮೆಸೇಜೇ ತೋರಿಸ್ಬೇಕಾಗುತ್ತೆ.