ಸರಾಸರಿ ಬಿಲ್ಲು: ಚೀಟಿಗೋ, ತಲೆಗೋ?

ಉಡುಪಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ನನಗೆ ವಾರದ ಲೆಕ್ಕದ ಹಾಳೆ ತೋರಿಸಿದರು. ಮೂರೇ ಸಾಲು. ಸರಾಸರಿ ಬಿಲ್ಲು 120, ಟೇಬಲ್ ಟರ್ನ್ ಟೈಮ್ 84 ನಿಮಿಷ, ಸೀಟಿಗೆ ಮಾರಾಟ 7,000. ಎರಡನೇ ಸಾಲು ನೋಡಿ ನಗು ಬಂತು. ಬನ್ಸ್ ತಿಂದು ಕಾಫಿ ಕುಡಿದು ಹೋಗುವವನಿಗೆ 84 ನಿಮಿಷ ಯಾಕೆ ಮಾರಾಯ್ರೆ? ಇದೇ ಎಡವಟ್ಟನ್ನು ಬೇರೆ ಕಡೆಯೂ ನೋಡಿ ನೋಡಿ ಸಾಕಾಗಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ‘ಸರಾಸರಿ’. ಇದು ಪಾರಸಿಯಿಂದ ಬಂದ ಪದ. ಅಲ್ಲಿ ‘ಸರ್’ ಎಂದರೆ ತಲೆ. ‘ಸರಾಸರ್’ ಎಂದರೆ ಈ ತಲೆಯಿಂದ ಆ ತಲೆಯವರೆಗೆ, ಅಂದರೆ ಪೂರ್ತಿ. ನಾವೂ ‘ಬೀದಿಯ ಈ ತಲೆ, ಆ ತಲೆ’ ಅನ್ನುತ್ತೇವಲ್ಲ, ಹಾಗೇ. ತಮಾಷೆ ಏನೆಂದರೆ, ಪದದೊಳಗೇ ತಲೆ ಇದ್ದರೂ ಸರಾಸರಿ ಬಿಲ್ಲಿಗೂ ತಲೆಗೂ ಸಂಬಂಧ ಇಲ್ಲ. ಅದು ಚೀಟಿಯ ಲೆಕ್ಕ. ಕೂತು ತಿಂದವರ ಒಟ್ಟು ಮಾರಾಟವನ್ನು ಬಿಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದು ಅದು. ಒಂದು ಬಿಲ್ಲಿನ ಹಿಂದೆ ಒಬ್ಬರೂ ಇರಬಹುದು, ಆರು ಜನರ ಸಂಸಾರವೂ ಇರಬಹುದು.

ಆ ಹೋಟೆಲಿನದ್ದೇ ತೆಗೆದುಕೊಳ್ಳಿ. 12 ಟೇಬಲ್, 48 ಸೀಟು. ವಾರದ ಮಾರಾಟ, ಜಿಎಸ್‌ಟಿ ಬಿಟ್ಟು, 3,36,000 ರೂಪಾಯಿ. ಅದರಲ್ಲಿ 84,000 ಪಾರ್ಸೆಲ್. ಪಾರ್ಸೆಲ್‌ನವನು ಸೀಟಿನಲ್ಲಿ ಕೂರುವುದೇ ಇಲ್ಲ, ಅದನ್ನು ಮೊದಲು ಕಳೆಯಬೇಕು. ಉಳಿದದ್ದು 2,52,000. ಬಿಲ್ಲು 2,100, ಜನ 3,360. ಬಿಲ್ಲಿಗೆ 120, ತಲೆಗೆ 75. ಮರುವಾರ 2,000 ಬಿಲ್ಲಿಗೆ 2,56,000 ಬಂತು. ಸರಾಸರಿ ಬಿಲ್ಲು 128! ಮ್ಯಾನೇಜರಿಗೆ ಖುಷಿಯೋ ಖುಷಿ. ಆದರೆ ಬಂದವರು 3,600 ಜನ. ತಲೆಗೆ 71 ರೂಪಾಯಿ ಚಿಲ್ಲರೆ. ಯಾರೂ ಜಾಸ್ತಿ ತಿನ್ನಲಿಲ್ಲ, ಗುಂಪಾಗಿ ಬಂದವರು ಜಾಸ್ತಿಯಾದರು, ಅಷ್ಟೇ. ಇದನ್ನು ಹಿಡಿಯಬೇಕಾದರೆ ತಲೆ ಎಣಿಸಬೇಕು. ಬಿಲ್ಲಿನ ಯಂತ್ರದಲ್ಲಿ ಎಷ್ಟು ಜನ ಎಂದು ಕೇಳುವ ಜಾಗ ಇದ್ದರೂ, ಗಡಿಬಿಡಿಯಲ್ಲಿ ಸಪ್ಲೈಯರ್ ಎಲ್ಲದಕ್ಕೂ 1 ಒತ್ತಿ ಬಿಡುತ್ತಾನೆ. ಜನವೂ ಬಿಲ್ಲೂ ಸರಿಸಮ ಬಂದರೆ ಆ ಅಂಕಿಯನ್ನು ನಂಬಬೇಡಿ.

ಈಗ ಆ 84 ನಿಮಿಷಕ್ಕೆ ಬನ್ನಿ. ಮೊದಲ ವಾರದ 3,360 ಜನರನ್ನು 48 ಸೀಟಿಗೆ ಹಂಚಿದರೆ ಒಂದು ಸೀಟು ವಾರಕ್ಕೆ 70 ಸಲ, ಅಂದರೆ ದಿನಕ್ಕೆ 10 ಸಲ ತುಂಬಿದೆ. ಹೋಟೆಲ್ ತೆರೆದಿರುವುದು 14 ಗಂಟೆ. ಇವರು 14 ಗಂಟೆಯನ್ನು 10ರಿಂದ ಭಾಗಿಸಿದ್ದಾರೆ! ಮಧ್ಯಾಹ್ನ 3 ಗಂಟೆಯ ಖಾಲಿ ಕುರ್ಚಿಯೂ ಗಿರಾಕಿಯ ಲೆಕ್ಕಕ್ಕೆ ಸೇರಿತು. 10 ಎನ್ನುವುದು ಟರ್ನ್, ಎಷ್ಟು ಸಲ ಎಂಬ ಲೆಕ್ಕ. ಟರ್ನ್ ಟೈಮ್ ಎಂದರೆ ಒಬ್ಬ ಕೂತಾಗಿನಿಂದ ಇನ್ನೊಬ್ಬ ಕೂರುವಂತಾಗುವವರೆಗಿನ ಹೊತ್ತು. ಗಡಿಯಾರ ಹಿಡಿದೇ ನೋಡಬೇಕು.

ಬೆಳಿಗ್ಗೆ ನಾನೇ ಕೂತು ನೋಡಿದೆ. ಗೋಡೆ ಬದಿಯ ಟೇಬಲ್ಲಿಗೆ ಇಬ್ಬರು ಕೂತದ್ದು 8:42. ಆರ್ಡರ್ ಒಳಗೆ ಹೋದದ್ದು 8:47. ಬಿಲ್ಲು ಮುದ್ರಣವಾದದ್ದು 8:58. ಕಾಫಿ ಮುಗಿಸಿ ಎದ್ದದ್ದು 9:04. ತಟ್ಟೆ ತೆಗೆದು ಟೇಬಲ್ ಒರೆಸಿದ್ದು 9:07. ಯಂತ್ರ ಆರ್ಡರಿನಿಂದ ಬಿಲ್ಲಿನವರೆಗೆ 11 ನಿಮಿಷ ಎನ್ನುತ್ತದೆ. ನಿಜವಾದದ್ದು 25. ಇದರಲ್ಲಿ ಗಿರಾಕಿ ತಿನ್ನುವ ಹೊತ್ತಿಗೆ ಕೈ ಹಾಕಬಾರದು. ಆರ್ಡರ್ ಕೇಳಲು ಹೋದ 5 ನಿಮಿಷ, ಒರೆಸಲು ಹೋದ 3 ನಿಮಿಷ, ಇವು ಹೋಟೆಲಿನ ಪಾಲು. ಅದನ್ನು ಇಳಿಸಿ ಲಾಭ ಇರುವುದೂ ಬಾಗಿಲಲ್ಲಿ ಜನ ಕಾಯುವಾಗ ಮಾತ್ರ. ಸಂಜೆ 4ಕ್ಕೆ ಸುಮ್ನೆ ಅವಸರ ಮಾಡಿದರೆ ಗಿರಾಕಿಗೆ ಬೇಜಾರು, ಗಲ್ಲಾಕ್ಕೆ ಒಂದು ರೂಪಾಯಿಯೂ ಹೆಚ್ಚಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕು. ನಾಲ್ಕು ಸೀಟಿನ ಟೇಬಲ್ಲಿಗೆ ಪರಿಚಯವೇ ಇಲ್ಲದ ಮೂವರು ಬಂದು ಕೂರುತ್ತಾರೆ. ಒಬ್ಬ ಎದ್ದ ಜಾಗಕ್ಕೆ ಇನ್ನೊಬ್ಬ, ಟೇಬಲ್ ಖಾಲಿಯಾಗುವುದೇ ಇಲ್ಲ. ಅಲ್ಲಿ ಟೇಬಲ್ಲನ್ನಲ್ಲ, ಸೀಟನ್ನು ನೋಡಬೇಕು. ಮೂರನೇ ಸಾಲು ಉಪಯೋಗಕ್ಕೆ ಬರುವುದು ಇಲ್ಲೇ. 2,52,000ವನ್ನು 48ರಿಂದ ಭಾಗಿಸಿದರೆ ಸೀಟಿಗೆ ವಾರಕ್ಕೆ 5,250, ದಿನಕ್ಕೆ 750. ದಿನಕ್ಕೆ 10 ಸಲ, ಸಲಕ್ಕೆ 75 ಎಂದರೂ ಅಷ್ಟೇ. ಎರಡೂ ದಾರಿಯ ಉತ್ತರ ಒಂದೇ ಬರದಿದ್ದರೆ ಎಲ್ಲೋ ಎಣಿಕೆ ತಪ್ಪಿದೆ. ಮ್ಯಾನೇಜರರ 7,000ದಲ್ಲಿ ಪಾರ್ಸೆಲ್ ಸೇರಿತ್ತು. ಮರುವಾರ ತಲೆಗೆ ಸಿಕ್ಕಿದ್ದು ಕಡಿಮೆಯಾದರೂ ಸೀಟಿಗೆ 5,333 ಆಯಿತು, ಯಾಕೆಂದರೆ ಅವೇ ಕುರ್ಚಿಗಳಲ್ಲಿ 240 ಜನ ಹೆಚ್ಚು ಕೂತಿದ್ದರು.

ಇಷ್ಟೆಲ್ಲ ಹೇಳಿದ ಮೇಲೆ ಅವರು ಹಾಳೆಯಲ್ಲಿ 84 ಹೊಡೆದು ಹಾಕಿ 11 ಬರೆದರು. ಯಂತ್ರದಲ್ಲಿ ಸುಲಭವಾಗಿ ಸಿಗುತ್ತದಂತೆ.