ಡಿಸ್ಕೌಂಟ್‌ನಲ್ಲಿ ಕೊಂಡ ಬಾಂಡ್: ಕೂಪನ್‌ಗಿಂತ ಬಡ್ಡಿ ಆದಾಯ ಏಕೆ ಹೆಚ್ಚು?

“ಸರ್, ಬ್ಯಾಂಕಿಗೆ ಬಂದಿರೋದು ಎಪ್ಪತ್ತು ಸಾವಿರ. ನೀವು ಬಡ್ಡಿ ಆದಾಯ ಎಂಬತ್ತೈದು ಸಾವಿರ ತೋರಿಸಿ ಅಂತೀರಿ. ಬಾರದೇ ಇರೋ ದುಡ್ಡನ್ನ ಆದಾಯ ಅಂತ ಹೇಗೆ ಬರೆಯೋದು?”

ಮಾರ್ಚ್ ಲೆಕ್ಕ ಮುಗಿಸುವ ಹೊತ್ತಿನಲ್ಲಿ ಕಂಪನಿಗಳ ಅಕೌಂಟೆಂಟ್‌ಗಳು ಈ ಪ್ರಶ್ನೆಯನ್ನು ನನಗೆ ಮತ್ತೆ ಮತ್ತೆ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರ ತಿಳಿಯಬೇಕಾದರೆ ಬಾಂಡು ಮುಖಬೆಲೆಗಿಂತ ಕಡಿಮೆಗೆ ಏಕೆ ಸಿಕ್ಕಿತು ಎಂಬಲ್ಲಿಂದ ಶುರು ಮಾಡಬೇಕು.

2022ರ ಮೇ ತಿಂಗಳಿಂದ 2023ರ ಫೆಬ್ರುವರಿವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ 4ರಿಂದ ಶೇ 6.5ಕ್ಕೆ ಏರಿಸಿತು. ಅದಕ್ಕೂ ಮುಂಚೆ ಕಡಿಮೆ ಬಡ್ಡಿಗೆ ಹೊರಡಿಸಿದ್ದ ಬಾಂಡುಗಳ ಕೂಪನ್ ಮಾತ್ರ ಬದಲಾಗಲಿಲ್ಲ, ಅದು ಬಾಂಡಿನ ಪತ್ರದಲ್ಲೇ ಬರೆದಿಟ್ಟ ಬಡ್ಡಿ ದರ. ಹೊಸ ಬಾಂಡು ಶೇ 9 ಕೊಡುತ್ತಿರುವಾಗ ಶೇ 7ರ ಹಳೆಯ ಬಾಂಡನ್ನು ಪೂರ್ತಿ ಬೆಲೆ ಕೊಟ್ಟು ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಅದರ ಬೆಲೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ? ಕೊಂಡವರಿಗೆ ಒಟ್ಟಾರೆ ಶೇ 9 ಗಿಟ್ಟುವಷ್ಟು.

ಒಂದು ಬಾಂಡನ್ನು ಹಿಡಿದುಕೊಳ್ಳೋಣ. ಮುಖಬೆಲೆ 10,00,000 ರೂಪಾಯಿ, ಕೂಪನ್ ಶೇ 7, ವರ್ಷಕ್ಕೊಮ್ಮೆ ಪಾವತಿ, ಅವಧಿ ಮುಗಿಯಲು ಸರಿಯಾಗಿ ಮೂರು ವರ್ಷ ಬಾಕಿ. ಮಾರುಕಟ್ಟೆ ಕೇಳುವ ಪ್ರತಿಫಲ ಶೇ 9. ಮೂರು ವರ್ಷ ಬರುವ ತಲಾ 70,000 ಮತ್ತು ಕೊನೆಗೆ ಬರುವ ಹತ್ತು ಲಕ್ಷವನ್ನು ಶೇ 9ರಂತೆ ಇಂದಿನ ಮೌಲ್ಯಕ್ಕೆ ಇಳಿಸಿದರೆ 9,49,374 ರೂಪಾಯಿ ಆಗುತ್ತದೆ. ಬಾಂಡಿನ ಬೆಲೆ ಅಷ್ಟೇ. ಡಿಸ್ಕೌಂಟ್ 50,626.

ಈ 50,626 ರೂಪಾಯಿಯನ್ನು ಏನೆಂದು ಕರೆಯಬೇಕು ಎಂಬುದೇ ಇಡೀ ವಿಷಯದ ಮೂಲ. ನಾನು ನೋಡುವ ಎಷ್ಟೋ ಪುಸ್ತಕಗಳಲ್ಲಿ ವರ್ಷವರ್ಷ 70,000 ಬಡ್ಡಿ ಬರೆದು, ಮೂರನೆಯ ವರ್ಷ ಹತ್ತು ಲಕ್ಷ ಕೈಗೆ ಬಂದಾಗ 50,626 ರೂಪಾಯಿಯನ್ನು ‘ಹೂಡಿಕೆಯ ಮೇಲಿನ ಲಾಭ’ ಎಂದು ಒಂದೇ ಸಲ ಜಮಾ ಮಾಡಿರುತ್ತಾರೆ. ಆಗ ಮೊದಲ ಎರಡು ವರ್ಷ ಆದಾಯ ಶೇ 7.4ರ ಆಸುಪಾಸಿನಲ್ಲಿದ್ದು, ಮೂರನೆಯ ವರ್ಷ ಶೇ 12.7ಕ್ಕೆ ಜಿಗಿಯುತ್ತದೆ. ಬಾಂಡಿನಲ್ಲಾಗಲಿ ಮಾರುಕಟ್ಟೆಯಲ್ಲಾಗಲಿ ಆ ಜಿಗಿತಕ್ಕೆ ಕಾರಣವಾದದ್ದು ಏನೂ ನಡೆದಿಲ್ಲ. ಈ ಹಣ ಲಾಭವೇ ಅಲ್ಲ. ವರ್ಷಕ್ಕೆ ಶೇ 9 ಸಿಗಬೇಕಾದ ಕಡೆ ಕೂಪನ್ ಕೊಟ್ಟದ್ದು ಶೇ 7. ಉಳಿದ ಬಡ್ಡಿಯೆಲ್ಲ ಒಟ್ಟಾಗಿ ಕೊನೆಯ ದಿನ ಅಸಲಿನ ಜೊತೆ ಬರುತ್ತದೆ. ಬರುವುದು ತಡವಾಗಿ, ಆದರೆ ಗಳಿಕೆ ಆಗುತ್ತಿರುವುದು ಪ್ರತಿದಿನ.

ಎಫೆಕ್ಟಿವ್ ಇಂಟರೆಸ್ಟ್ ವಿಧಾನ ಈ ಗಳಿಕೆಯನ್ನು ಆಯಾ ವರ್ಷಕ್ಕೆ ಸೇರಿಸುತ್ತದೆ. ಹಣಕಾಸು ಸಾಧನಗಳ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ 109ರ ಪ್ರಕಾರ, ಬಾಂಡನ್ನು ಅದರ ಅಸಲು ಮತ್ತು ಬಡ್ಡಿ ವಸೂಲಿ ಮಾಡುವುದಕ್ಕಾಗಿಯೇ ಇಟ್ಟುಕೊಂಡಿದ್ದರೆ, ಮತ್ತು ಅದರಿಂದ ಬರುವ ಹಣ ಅಸಲು ಹಾಗೂ ಬಡ್ಡಿ ಮಾತ್ರವಾಗಿದ್ದರೆ, ಅಮಾರ್ಟೈಸ್ಡ್ ಕಾಸ್ಟ್ ಮೇಲೆ ಲೆಕ್ಕ ಇಡಬೇಕು. ಮಾಡುವುದು ಇಷ್ಟೇ: ವರ್ಷದ ಆರಂಭದ ಪುಸ್ತಕ ಮೌಲ್ಯಕ್ಕೆ ಎಫೆಕ್ಟಿವ್ ದರ ಹಚ್ಚಿ ಬಡ್ಡಿ ಆದಾಯ ತೆಗೆಯುವುದು, ಕೂಪನ್ ಕಳೆಯುವುದು, ಉಳಿದದ್ದನ್ನು ಬಾಂಡಿನ ಮೌಲ್ಯಕ್ಕೇ ಸೇರಿಸುವುದು.

ಮೊದಲ ವರ್ಷ 9,49,374ಕ್ಕೆ ಶೇ 9 ಅಂದರೆ 85,444. ಕೂಪನ್ 70,000 ಕಳೆದರೆ 15,444 ಉಳಿಯುತ್ತದೆ. ಬಾಂಡಿನ ಪುಸ್ತಕ ಮೌಲ್ಯ 9,64,818 ಆಗುತ್ತದೆ. ಎರಡನೆಯ ವರ್ಷ ಬಡ್ಡಿ ಹುಟ್ಟುವುದು ಈ ಹೆಚ್ಚಿದ ಮೊತ್ತದ ಮೇಲೆ: ಆದಾಯ 86,834, ಸೇರ್ಪಡೆ 16,834, ಮೌಲ್ಯ 9,81,652. ಮೂರನೆಯ ವರ್ಷ ಆದಾಯ 88,348, ಸೇರ್ಪಡೆ 18,348, ಮೌಲ್ಯ ಸರಿಯಾಗಿ 10,00,000. ಪೈಸೆಗಳನ್ನು ಬಿಟ್ಟಿದ್ದರಿಂದ ಬರುವ ಒಂದು ರೂಪಾಯಿ ವ್ಯತ್ಯಾಸವನ್ನು ಕೊನೆಯ ವರ್ಷದಲ್ಲಿ ಸರಿಪಡಿಸಿದ್ದೇನೆ. ಹತ್ತು ಲಕ್ಷ ಬಂದ ದಿನ ಹೂಡಿಕೆ ಖಾತೆ ಸೊನ್ನೆಯಾಗುತ್ತದೆ, ಲಾಭವೂ ಇಲ್ಲ, ನಷ್ಟವೂ ಇಲ್ಲ.

ಮೊದಲ ವರ್ಷದ ನಮೂದು ಹೀಗಿರುತ್ತದೆ. ಶೇ 10 ಟಿಡಿಎಸ್ ಕಡಿತವಾಗಿದ್ದರೆ ಬ್ಯಾಂಕಿಗೆ 63,000 ಡೆಬಿಟ್, ಟಿಡಿಎಸ್ ಖಾತೆಗೆ 7,000 ಡೆಬಿಟ್, ಬಾಂಡ್ ಹೂಡಿಕೆ ಖಾತೆಗೆ 15,444 ಡೆಬಿಟ್, ಬಡ್ಡಿ ಆದಾಯಕ್ಕೆ 85,444 ಕ್ರೆಡಿಟ್. ಅಕೌಂಟೆಂಟ್ ಕೇಳಿದ ‘ಬಾರದೇ ಇರೋ ದುಡ್ಡು’ ಎಲ್ಲಿದೆ ಎಂಬುದಕ್ಕೆ ಉತ್ತರ ಆ ಮೂರನೆಯ ಡೆಬಿಟ್. ಅದು ಬಾಂಡಿನೊಳಗೇ ಕೂಡಿಕೊಂಡಿದೆ. ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಬಡ್ಡಿ 70,000 ಎಂದೇ ಕಾಣುತ್ತದೆ. ಪುಸ್ತಕದ ಅಂಕಿಗೂ ಅದಕ್ಕೂ ಇರುವ ವ್ಯತ್ಯಾಸಕ್ಕೆ ಒಂದು ಹಾಳೆಯ ಹೊಂದಾಣಿಕೆ ಪಟ್ಟಿ ಮಾಡಿ ಫೈಲಿನಲ್ಲಿಡಿ. ಮೂರು ವರ್ಷ ಕಳೆದ ಮೇಲೆ ಯಾರಾದರೂ ಕೇಳಿದಾಗ ನೆನಪಿನಿಂದ ವಿವರಿಸಲು ಆಗುವುದಿಲ್ಲ.

ಡಿಸ್ಕೌಂಟನ್ನು ಮೂರರಿಂದ ಭಾಗಿಸಿ ವರ್ಷಕ್ಕೆ 16,875 ಸೇರಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಒಟ್ಟು ಮೊತ್ತವೇನೋ ಅದೇ ಬರುತ್ತದೆ. ಆದರೆ ಪ್ರತಿವರ್ಷದ ಪ್ರತಿಫಲ ನೋಡಿ: ಮೊದಲ ವರ್ಷ ಶೇ 9.15, ಕೊನೆಯ ವರ್ಷ ಶೇ 8.84. ಒಪ್ಪಂದದಲ್ಲಿ ಇಲ್ಲದ ಇಳಿಕೆಯೊಂದನ್ನು ಲೆಕ್ಕವೇ ಹುಟ್ಟಿಸಿದಂತಾಯಿತು. ಸಣ್ಣ ಡಿಸ್ಕೌಂಟ್, ಸಣ್ಣ ಅವಧಿ ಇದ್ದಾಗ ವ್ಯತ್ಯಾಸ ನಗಣ್ಯ, ಅದನ್ನು ಒಪ್ಪುತ್ತೇನೆ. ಹತ್ತು ಹದಿನೈದು ವರ್ಷದ ಬಾಂಡುಗಳು ಕೋಟಿಗಟ್ಟಲೆ ಇರುವಲ್ಲಿ ಒಪ್ಪುವುದಿಲ್ಲ.

ಈ ವಿಧಾನದ ನಿಜವಾದ ಬೆಲೆ ತಿಳಿಯುವುದು ಬಾಂಡನ್ನು ಮಧ್ಯದಲ್ಲಿ ಮಾರಿದಾಗ. ಒಂದು ವರ್ಷ ಕಳೆದು ಕೂಪನ್ ಬಂದಿದೆ, ಮಾರುಕಟ್ಟೆ ದರ ಶೇ 8ಕ್ಕೆ ಇಳಿದಿದೆ ಎನ್ನಿ. ಬಾಂಡಿನ ಬೆಲೆ ಈಗ 9,82,167. ಕೊಂಡ ಬೆಲೆಯ ಜೊತೆ ಹೋಲಿಸಿದವರು 32,793 ಲಾಭ ಎನ್ನುತ್ತಾರೆ. ಆದರೆ ಅದರಲ್ಲಿ 15,444 ಒಂದು ವರ್ಷ ಕಾದದ್ದಕ್ಕೆ ಸಂದ ಬಡ್ಡಿ, ದರ ಇಳಿಯದಿದ್ದರೂ ಸಿಗುತ್ತಿತ್ತು. ದರ ಇಳಿದದ್ದರಿಂದ ಬಂದ ಲಾಭ 17,349 ಮಾತ್ರ. ಖಜಾನೆ ನೋಡಿಕೊಳ್ಳುವವರ ಜಾಣ್ಮೆಯನ್ನು ಅಳೆಯಲು ಹೊರಟ ನಿರ್ದೇಶಕರಿಗೆ ಈ ಎರಡು ಅಂಕಿಗಳು ಬೆರೆತುಹೋದರೆ ತಪ್ಪು ಚಿತ್ರ ಸಿಗುತ್ತದೆ. ಇನ್ನು, ಮಾರದೆ ಇಟ್ಟುಕೊಂಡಿದ್ದರೆ ಮಾರುಕಟ್ಟೆ ದರ ಏನೇ ಆದರೂ ಸ್ಥಿರ ಕೂಪನ್ ಬಾಂಡಿಗೆ ಕೊಂಡ ದಿನದ ಶೇ 9 ಬದಲಾಗುವುದಿಲ್ಲ.

ದರ ಕಂಡುಹಿಡಿಯುವುದು ಎಕ್ಸೆಲ್‌ನಲ್ಲಿ ಒಂದೇ ಸಾಲಿನ ಕೆಲಸ:

```
=RATE(3, 70000, -949374, 1000000)
```

ತಪ್ಪಾಗುವುದು ಅಲ್ಲಿಗೆ ಹಾಕುವ ಅಂಕಿಗಳಲ್ಲಿ. ಬ್ರೋಕರೇಜ್ ಮತ್ತು ಸ್ಟ್ಯಾಂಪ್ ಶುಲ್ಕವನ್ನು ಖರ್ಚಿಗೆ ಬರೆದುಬಿಡುತ್ತಾರೆ. ಅಮಾರ್ಟೈಸ್ಡ್ ಕಾಸ್ಟ್ ಬಾಂಡಿನಲ್ಲಿ ಅವು ಕೊಂಡ ಬೆಲೆಗೇ ಸೇರುತ್ತವೆ. ನಮ್ಮ ಬಾಂಡಿಗೆ 2,000 ರೂಪಾಯಿ ಇಂಥ ವೆಚ್ಚ ಬಿದ್ದಿದ್ದರೆ ಎಫೆಕ್ಟಿವ್ ದರ ಶೇ 9ರಿಂದ ಸುಮಾರು ಶೇ 8.92ಕ್ಕೆ ಇಳಿಯುತ್ತಿತ್ತು. ಡೀಲರ್ ಹೇಳಿದ ಯೀಲ್ಡ್ ಅನ್ನೇ ಹಾಗೇ ಎತ್ತಿಕೊಳ್ಳಬಾರದು ಎನ್ನುವುದು ಇದಕ್ಕೇ.

ಎರಡು ಕೂಪನ್ ದಿನಾಂಕಗಳ ನಡುವೆ ಕೊಂಡಾಗ ಇನ್ನೂ ದೊಡ್ಡ ತಪ್ಪಾಗುತ್ತದೆ. ಕೂಪನ್ ಬಂದ ಮೂರು ತಿಂಗಳಿಗೆ ಬಾಂಡು ಕೊಂಡರೆ, ಆ ಮೂರು ತಿಂಗಳ 17,500 ರೂಪಾಯಿ ಬಡ್ಡಿಯನ್ನು ಮಾರುವವರಿಗೆ ಬೆಲೆಯ ಜೊತೆಗೇ ಕೊಟ್ಟಿರುತ್ತೀರಿ. ಮುಂದೆ 70,000 ಕೂಪನ್ ಬಂದಾಗ ಅದರಲ್ಲಿ 17,500 ನಿಮ್ಮದೇ ಹಣ ಹಿಂದಿರುಗಿದ್ದು. ಕೂಪನ್‌ನ ಪಾಲಿನಿಂದ ನಿಮ್ಮ ಆದಾಯ 52,500, ಅದರ ಮೇಲೆ ಒಂಬತ್ತು ತಿಂಗಳ ಡಿಸ್ಕೌಂಟ್ ಸೇರ್ಪಡೆ. ಖರೀದಿಯ ಕಾಂಟ್ರ್ಯಾಕ್ಟ್ ನೋಟ್‌ನಲ್ಲಿ ಈ ಬಡ್ಡಿ ಬೇರೆ ಸಾಲಿನಲ್ಲೇ ಇರುತ್ತದೆ. ಲೆಡ್ಜರ್‌ಗೆ ಬರುವಾಗ ಮಾತ್ರ ಒಟ್ಟು ಮೊತ್ತ ಹೂಡಿಕೆ ಖಾತೆಯಲ್ಲಿ ಕರಗಿಹೋಗಿರುತ್ತದೆ.

ಸರ್ಕಾರಿ ಸೆಕ್ಯುರಿಟಿಗಳ ಕೂಪನ್ ಆರು ತಿಂಗಳಿಗೊಮ್ಮೆ. ಅಲ್ಲಿ ಶೇ 9 ಯೀಲ್ಡ್ ಅಂದರೆ ಅರ್ಧ ವರ್ಷಕ್ಕೆ ಶೇ 4.5, ವರ್ಷಕ್ಕೆ ಚಕ್ರಬಡ್ಡಿಯಲ್ಲಿ ಶೇ 9.2025. ಎಕ್ಸೆಲ್‌ನ `XIRR` ಕೊಡುವುದು ಈ ವಾರ್ಷಿಕ ದರದ ಸುಮಾರಿನ ಅಂಕಿ. ಅದನ್ನು ಎರಡರಿಂದ ಭಾಗಿಸಿ ಅರ್ಧ ವರ್ಷಕ್ಕೆ ಶೇ 4.6 ಹಚ್ಚಿದರೆ ಆದಾಯ ಹೆಚ್ಚಾಗುತ್ತಾ ಹೋಗಿ, ಬಾಂಡಿನ ಪುಸ್ತಕ ಮೌಲ್ಯ ಕೊನೆಯಲ್ಲಿ ಹತ್ತು ಲಕ್ಷ ದಾಟಿರುತ್ತದೆ. ಆದ್ದರಿಂದ ಬಾಂಡು ಕೊಂಡ ದಿನವೇ ಕೊನೆಯ ದಿನದವರೆಗಿನ ಪೂರ್ತಿ ಪಟ್ಟಿ ಹಾಕಿಸುತ್ತೇನೆ. ಕೊನೆಯ ಸಾಲು ಮುಖಬೆಲೆಗೆ ಬಂದು ನಿಲ್ಲದಿದ್ದರೆ ದರವೋ ದಿನಾಂಕವೋ ಬೆಲೆಯೋ ತಪ್ಪಿದೆ ಎಂದೇ ಅರ್ಥ.

ಇಂಡ್ ಎಎಸ್ ಅನ್ವಯವಾಗದ ಕಂಪನಿಗಳೂ ಇದರಿಂದ ಪೂರ್ತಿ ಹೊರಗಿಲ್ಲ. ಸಾಲಪತ್ರದ ಡಿಸ್ಕೌಂಟನ್ನು ಸಾಮಾನ್ಯವಾಗಿ ಅವಧಿಯುದ್ದಕ್ಕೂ ಸಂಚಯವಾಗುವಂತೆ ಪರಿಗಣಿಸಲಾಗುತ್ತದೆ ಎಂದು ಹಳೆಯ ಲೆಕ್ಕಪತ್ರ ಮಾನದಂಡ ಎಎಸ್ 9 ಹೇಳುತ್ತದೆ. ವಾಣಿಜ್ಯ ಬ್ಯಾಂಕುಗಳು ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವ ಬಾಂಡುಗಳ ಪ್ರೀಮಿಯಂ ಜೊತೆ ಡಿಸ್ಕೌಂಟನ್ನೂ ಉಳಿದ ಅವಧಿಗೆ ಹಂಚಬೇಕೆಂಬ ರಿಸರ್ವ್ ಬ್ಯಾಂಕಿನ ನಿರ್ದೇಶನ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ನಿಲ್ಲುವುದು ಒಂದು ನಂಬಿಕೆಯ ಮೇಲೆ: ಕೂಪನ್ ಮತ್ತು ಅಸಲು ಪೂರ್ತಿ ಬರುತ್ತವೆ. ಬಡ್ಡಿ ದರ ಏರಿದ್ದಕ್ಕಲ್ಲದೆ, ಬಾಂಡು ಹೊರಡಿಸಿದ ಕಂಪನಿ ಪಾವತಿ ತಪ್ಪಿಸಿರುವುದಕ್ಕೆ ಬೆಲೆ ಕುಸಿದಿದ್ದರೆ ಲೆಕ್ಕ ಬೇರೆ. ಇದೇ ಶೇ 7ರ ಬಾಂಡು 6,00,000ಕ್ಕೆ ಸಿಕ್ಕಿತು ಎನ್ನಿ. ಒಪ್ಪಂದದ ಅಂಕಿಗಳನ್ನೇ ಹಾಕಿದರೆ ಎಕ್ಸೆಲ್ ಶೇ 28ಕ್ಕೂ ಹೆಚ್ಚಿನ ದರ ತೋರಿಸುತ್ತದೆ, ಮೊದಲ ವರ್ಷವೇ 1,70,000ಕ್ಕೂ ಮಿಕ್ಕಿ ಬಡ್ಡಿ ಆದಾಯ ಬರುತ್ತದೆ. ಬಾರದ ಹಣವನ್ನು ಆದಾಯವೆಂದು ಬರೆಯುವ ತಪ್ಪು ನಿಜಕ್ಕೂ ಆಗುವುದು ಇಲ್ಲಿ. ಕೊಳ್ಳುವಾಗಲೇ ಸಾಲ ಕೆಟ್ಟಿದ್ದರೆ ಇಂಡ್ ಎಎಸ್ 109 ನಷ್ಟದ ನಿರೀಕ್ಷೆಯನ್ನೂ ಸೇರಿಸಿ ದರ ಕಟ್ಟಲು ಹೇಳುತ್ತದೆ. ಕೂಪನ್ ಒಂದೂ ಬರುವುದಿಲ್ಲ, ಮೂರನೆಯ ವರ್ಷದ ಕೊನೆಗೆ 7,50,000 ವಸೂಲಾಗಬಹುದು ಎಂಬ ಅಂದಾಜಿದ್ದರೆ ದರ ಸುಮಾರು ಶೇ 7.7, ಮೊದಲ ವರ್ಷದ ಆದಾಯ ಸುಮಾರು 46,000. ಉಳಿದ ಎರಡೂವರೆ ಲಕ್ಷದ ಡಿಸ್ಕೌಂಟ್ ಬಡ್ಡಿಯಾಗಿ ಪುಸ್ತಕಕ್ಕೆ ಬರುವುದೇ ಇಲ್ಲ.